ರಾತ್ರಿ 1:40ಕ್ಕೆ ಬಂದ ಮೆಸೇಜಿಗೆ ಉತ್ತರ ಎಷ್ಟೊತ್ತಿಗೆ? ಮೋಟಾರ್ ವೈಂಡಿಂಗ್ ಅಂಗಡಿಯ ಒಂದು ಪ್ರಕರಣ

ತುಮಕೂರು ಸೀಮೆಯ ಹೋಬಳಿ ಪೇಟೆಯೊಂದರ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಮಾದರಿಯಾಗಿ ಇಟ್ಟುಕೊಂಡು ಈ ಪ್ರಕರಣ ಬರೆದಿದೆ. ಮಾಲೀಕ, ವೈಂಡಿಂಗ್‌ಗೆ ಕೂರುವ ಇಬ್ಬರು, ಮೋಟಾರ್ ಇಳಿಸಿ ಹತ್ತಿಸುವುದಕ್ಕೆ ಒಬ್ಬ ಹುಡುಗ, ಇಷ್ಟೇ ಜನ. ಶಟರ್ ಎತ್ತುವುದು ಬೆಳಿಗ್ಗೆ 9:30ಕ್ಕೆ, ಎಳೆಯುವುದು ಸಂಜೆ 7:30ಕ್ಕೆ. ಭಾನುವಾರ ರಜೆ. ಗಿರಾಕಿಗಳಲ್ಲಿ ಹೆಚ್ಚಿನವರು ತೆಂಗು, ಅಡಿಕೆ ತೋಟದವರು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರ್ ಸುಟ್ಟರೆ ಮೇಲೆತ್ತಿಸಿ ಇಲ್ಲಿಗೆ ತರುತ್ತಾರೆ. ಅಂಗಡಿಯ ನಂಬರಿನಲ್ಲಿ ವಾಟ್ಸಾಪ್ ಬಿಸಿನೆಸ್ ಇದೆ, ಅದೇ ನಂಬರ್ ಮಾಲೀಕರ ಸ್ವಂತ ನಂಬರೂ ಹೌದು.

ಈ ಅಂಗಡಿಗೆ ಮೆಸೇಜ್ ಬರುವ ಹೊತ್ತೇ ಬೇರೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ, ಪಾಳಿಯ ಮೇಲೆ ಕೆಲವೇ ಗಂಟೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ರೈತ ರಾತ್ರಿಯೇ ತೋಟದಲ್ಲಿರುತ್ತಾನೆ, ಮೋಟಾರ್ ಕೈ ಕೊಡುವುದೂ ಆಗಲೇ. 1:40ಕ್ಕೆ ಒಂದು ಮೆಸೇಜ್ ಬರುತ್ತದೆ: “ಅಣ್ಣಾ ಮೋಟ್ರು ಟ್ರಿಪ್ ಆಯ್ತಾ ಐತೆ, ಏನ್ ಮಾಡ್ಲಿ.” ಅಂಗಡಿ ಮುಚ್ಚಿ ಆರು ಗಂಟೆಯಾಗಿದೆ. ತೆರೆಯಲು ಇನ್ನೂ ಎಂಟು ಗಂಟೆ ಬೇಕು.

ಈ ಎಂಟು ಗಂಟೆಯಲ್ಲಿ ಗಿರಾಕಿ ಸುಮ್ಮನೆ ಕಾಯುವುದಿಲ್ಲ. ಕರೆಂಟ್ ಹೋಗುವುದರೊಳಗೆ ಒಂದಿಷ್ಟು ನೀರು ಹಾಯಿಸಿಬಿಡಬೇಕೆಂದು ಸ್ಟಾರ್ಟರ್ ಹಸಿರು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾನೆ. ಮೂರು ಫೇಸಿನಲ್ಲಿ ಒಂದು ಹೋಗಿದ್ದರೆ ಮೋಟಾರ್ ತಿರುಗದೆ ಗುಂಯ್ ಎನ್ನುತ್ತದೆ, ಉಳಿದೆರಡು ಫೇಸಿನ ತಂತಿಯಲ್ಲಿ ಮಿತಿಮೀರಿ ಕರೆಂಟ್ ಹರಿಯುತ್ತದೆ. ರಿಲೇ ಟ್ರಿಪ್ ಆಗುವುದು ವೈಂಡಿಂಗನ್ನು ಉಳಿಸುವುದಕ್ಕೇ. ಐದಾರು ಸಲ ಒತ್ತಿದ ಮೇಲೆ ಫೇಸ್ ಸರಿಯಾದರೂ ವೈಂಡಿಂಗ್ ಉಳಿದಿರುತ್ತದೆ ಎಂಬ ಭರವಸೆಯಿಲ್ಲ. ಅಂದರೆ ಮುಚ್ಚಿದ ಹೊತ್ತಿನ ತಾನಾಗಿಯೇ ಹೋಗುವ ಉತ್ತರಕ್ಕೆ ಇಲ್ಲಿ ಎರಡು ಕೆಲಸವಿದೆ: ಮನುಷ್ಯರ ಉತ್ತರ ಯಾವಾಗ ಬರುತ್ತದೆಂದು ಹೇಳಬೇಕು, ಅಲ್ಲಿಯವರೆಗೆ ಏನು ಮಾಡಬಾರದೆಂದೂ ಹೇಳಬೇಕು.

ಮೊದಲು ಹಾಕಿದ್ದ ಮಾತು

ಮೊದಮೊದಲು ಇದ್ದದ್ದು ಆ್ಯಪಿನ ಜೊತೆಗೇ ಬರುವ ಇಂಗ್ಲಿಷ್ ಸಾಲು. ಧನ್ಯವಾದ, ಈಗ ಸಿಗುವುದಿಲ್ಲ, ಆದಷ್ಟು ಬೇಗ ಉತ್ತರಿಸುತ್ತೇವೆ ಎಂಬ ಅರ್ಥದ್ದು. ಇಂಗ್ಲಿಷ್ ಓದಲು ಬರುವವರಿಗೂ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ತೆಗೆದು ಕನ್ನಡದಲ್ಲಿ ಹೀಗೆ ಬರೆದರು:

> ನಮಸ್ಕಾರ. ತಮ್ಮ ಸಂದೇಶಕ್ಕೆ ಧನ್ಯವಾದಗಳು. ನಮ್ಮ ಅಂಗಡಿಯ ಸಮಯ ಬೆಳಿಗ್ಗೆ 9:30ರಿಂದ ಸಂಜೆ 7:30. ನಾಳೆ ಅಂಗಡಿ ತೆರೆದ ಕೂಡಲೇ ಉತ್ತರಿಸಲಾಗುವುದು. ಮೋಟಾರಿನ ನೇಮ್ ಪ್ಲೇಟ್ ಫೋಟೊ ಕಳಿಸಿ.

ನೋಡಲು ಅಚ್ಚುಕಟ್ಟಾಗಿದೆ, ಆದರೆ ಒಳಗೆ ಮೂರು ತಪ್ಪುಗಳಿವೆ.

ಚಿಕ್ಕದರಿಂದ ಶುರು ಮಾಡುವುದಾದರೆ, ನೇಮ್ ಪ್ಲೇಟ್. ಮೋಟಾರ್ ನೂರಾರು ಅಡಿ ಕೆಳಗೆ ಬೋರಿನೊಳಗಿದೆ. ರಾತ್ರಿ ಎರಡು ಗಂಟೆಯಲ್ಲಿ ಅದರ ಫೋಟೊ ಯಾರು ತೆಗೆಯುತ್ತಾರೆ? ದಡದ ಮೇಲಿರುವ ಮಾನೋಬ್ಲಾಕ್‌ಗಾದರೆ ಸರಿ. ಸಬ್‌ಮರ್ಸಿಬಲ್‌ಗೆ ಕೇಳಬೇಕಾದದ್ದು ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದೆ, ಪ್ಯಾನಲ್ ಬೋರ್ಡಿನ ಮೇಲೆ ಏನು ಬರೆದಿದೆ, ಇಷ್ಟನ್ನೇ.

ಎರಡನೆಯದು “ನಾಳೆ” ಎಂಬ ಪದ. ಗುರುವಾರ ರಾತ್ರಿ 9ಕ್ಕೆ ಓದಿದವರಿಗೆ ನಾಳೆ ಎಂದರೆ ಶುಕ್ರವಾರ. ರಾತ್ರಿ 1:40ಕ್ಕೆ ಓದಿದವರಿಗೆ? ಗಡಿಯಾರದ ಲೆಕ್ಕದಲ್ಲಿ ಆಗಲೇ ಶುಕ್ರವಾರ ಹುಟ್ಟಿದೆ, ನಾಳೆ ಎಂದರೆ ಶನಿವಾರವಾಗುತ್ತದೆ. ನಮ್ಮ ಮಾತಿನ ರೂಢಿಯಲ್ಲಿ ಬೆಳಕು ಹರಿಯುವವರೆಗೂ ಗುರುವಾರವೇ, ಆದ್ದರಿಂದ ಹೆಚ್ಚಿನವರು ಸರಿಯಾಗಿಯೇ ತಿಳಿದುಕೊಳ್ಳುತ್ತಾರೆ. ಶನಿವಾರ ರಾತ್ರಿ ಮಾತ್ರ ಈ ಪದ ಅಪ್ಪಟ ಸುಳ್ಳಾಗುತ್ತದೆ. ನಾಳೆ ಭಾನುವಾರ, ಅಂಗಡಿಯೇ ಇಲ್ಲ. ತಾನಾಗಿಯೇ ಹೋಗುವ ಮಾತಿಗೆ ವಾರ, ದಿನ ಗೊತ್ತಿರುವುದಿಲ್ಲ. ಒಂದೇ ಸಾಲು ಏಳೂ ರಾತ್ರಿ ಹೋಗುತ್ತದೆ. ಹಾಗಾಗಿ ನಾಳೆ, ನಾಡಿದ್ದು, ಇವತ್ತು ಎಂಬ ಪದಗಳು ಅದರಲ್ಲಿ ಇರಲೇಬಾರದು.

ಮೂರನೆಯದೇ ನಿಜವಾದ ತಪ್ಪು: “ತೆರೆದ ಕೂಡಲೇ.” 9:30ಕ್ಕೆ ಶಟರ್ ಎತ್ತಿದಾಗ ಬಾಗಿಲಲ್ಲಿ ಆಗಲೇ ಎರಡು ಗೂಡ್ಸ್ ಆಟೋ ನಿಂತಿರುತ್ತವೆ. ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಬಂದ ಮೋಟಾರ್ ಇಳಿಸಿಕೊಂಡು, ಮೆಗ್ಗರ್ ಇಟ್ಟು ಅರ್ಥ್ ಆಗಿದೆಯೋ ಇಲ್ಲವೋ ನೋಡಿ ಚೀಟಿ ಬರೆದುಕೊಡುವ ಹೊತ್ತಿಗೆ ಗಂಟೆ ಹತ್ತೂಕಾಲು. ಮಾಲೀಕರು ಫೋನ್ ಹಿಡಿದು ಕೂರುವುದು ಅದಾದ ಮೇಲೆ. ಅಂಗಡಿ ತೆರೆಯುವ ಹೊತ್ತು ಬೇರೆ, ಉತ್ತರ ಹೋಗುವ ಹೊತ್ತು ಬೇರೆ. ಇವೆರಡನ್ನೂ ಒಂದೇ ಎಂದು ಬರೆದರೆ 9:35ಕ್ಕೆ ಗಿರಾಕಿ ಫೋನ್ ಮಾಡುತ್ತಾನೆ, 9:45ಕ್ಕೆ ಮತ್ತೊಮ್ಮೆ ಮಾಡುತ್ತಾನೆ. ಕೈಗೆ ಗ್ರೀಸ್ ಮೆತ್ತಿಕೊಂಡವರು ಫೋನ್ ಎತ್ತುವುದಿಲ್ಲ. ಹತ್ತಕ್ಕೆ ಆತ ಪಕ್ಕದ ಅಂಗಡಿಯಲ್ಲಿರುತ್ತಾನೆ.

ಉತ್ತರದ ಹೊತ್ತಿಗೆ 11 ಎಂಬ ಅಂಕಿ ಬಂದದ್ದು ಹೇಗೆ

ಉತ್ತರದ ಹೊತ್ತನ್ನು ಊಹೆಯಿಂದ ಬರೆಯಬಾರದು, ಹಳೆಯ ಚಾಟ್‌ಗಳಲ್ಲೇ ಅದು ಇದೆ. ಒಂದು ವಾರ ಹಿಂದಕ್ಕೆ ಹೋಗಿ, ಪ್ರತಿ ರಾತ್ರಿಯ ಮೆಸೇಜಿಗೂ ಕೈಯಿಂದ ಬರೆದ ಮೊದಲ ಉತ್ತರ ಎಷ್ಟು ಗಂಟೆಗೆ ಹೋಗಿದೆ ಎಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಈ ಅಂಗಡಿಯ ಹಾಳೆ ಹೀಗಿದೆ ಎನ್ನೋಣ: ಮಂಗಳವಾರ 10:25, ಬುಧವಾರ 10:50, ಗುರುವಾರ 10:10, ಶುಕ್ರವಾರ 10:40, ಶನಿವಾರ 10:30, ಸೋಮವಾರ 12:35.

ಇಲ್ಲಿ ಸರಾಸರಿ ತೆಗೆದರೆ ಕೆಟ್ಟಿತು. ಸರಾಸರಿ ಹೊತ್ತನ್ನು ಮಾತಾಗಿ ಕೊಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳಲ್ಲಿ ಮಾತು ತಪ್ಪಿದಂತೆಯೇ. ತೆಗೆದುಕೊಳ್ಳಬೇಕಾದದ್ದು ಮಾಮೂಲು ದಿನಗಳಲ್ಲಿ ಅತ್ಯಂತ ತಡವಾದ ಹೊತ್ತನ್ನು. ಅದು 10:50, ಅದಕ್ಕೇ 11. ಸೋಮವಾರ ಇದರೊಳಗೆ ಬರುವುದಿಲ್ಲ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬಂದದ್ದೆಲ್ಲ ಒಟ್ಟಿಗೆ ಕೂತಿರುತ್ತದೆ, ಜೊತೆಗೆ ಬಾಗಿಲಲ್ಲೂ ಜನ ಹೆಚ್ಚು. ಸೋಮವಾರಕ್ಕೆ ಬೇರೆಯೇ ಹೊತ್ತು ಕೊಡಬೇಕು: ಮಧ್ಯಾಹ್ನ 1. ತಡವಾಯಿತೆಂದು ಯಾರೂ ಬೈಯುವುದಿಲ್ಲ. 11 ಎಂದು ಹೇಳಿ 12:35ಕ್ಕೆ ಉತ್ತರಿಸಿದರೆ ಮಾತ್ರ ಬೈಗುಳ ಗ್ಯಾರಂಟಿ.

ಇದನ್ನೆಲ್ಲ ಹಿಡಿದು ತಿದ್ದಿದ ಮಾತು:

> \*ಅಂಗಡಿ ಮುಚ್ಚಿದೆ. ಉತ್ತರ ಬೆಳಿಗ್ಗೆ 11ರೊಳಗೆ.\*
> ಶನಿವಾರ ಸಂಜೆ 7:30ರಿಂದ ಸೋಮವಾರ ಬೆಳಿಗ್ಗೆ 9:30ರವರೆಗೆ ಕಳಿಸಿದ್ದಕ್ಕೆ ಸೋಮವಾರ ಮಧ್ಯಾಹ್ನ 1ರೊಳಗೆ.
>
> ಮೋಟ್ರು ಟ್ರಿಪ್ ಆಗ್ತಿದ್ರೆ ಸ್ಟಾರ್ಟರ್ ಮತ್ತೆ ಒತ್ತಬೇಡಿ. ಆಟೋ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಮೇನ್ ಆಫ್ ಮಾಡಿ. ಪೆಟ್ಟಿಗೆ ಬಿಚ್ಚಬೇಡಿ.
>
> ಅಷ್ಟರಲ್ಲಿ ಇಷ್ಟು ಕಳಿಸಿ: ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದೆ, ಏನಾಯ್ತು. ಪ್ಯಾನಲ್ ಬೋರ್ಡಿನ ಹೊರಗಿಂದ ಒಂದು ಫೋಟೊ. ಬರೆಯೋದು ಕಷ್ಟ ಆದ್ರೆ ವಾಯ್ಸ್ ಕಳಿಸಿ.
>
> ಅಂಗಡಿ: ಸೋಮವಾರದಿಂದ ಶನಿವಾರ, ಬೆಳಿಗ್ಗೆ 9:30ರಿಂದ ಸಂಜೆ 7:30. ಭಾನುವಾರ ರಜೆ.

ಮೊದಲ ಸಾಲಿನ ಎರಡು ತುದಿಗೂ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸಾಪ್ ಅದನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ಉತ್ತರದ ಹೊತ್ತು ಅಲ್ಲೇ ಇರಬೇಕು, ಯಾಕೆಂದರೆ ಪರದೆಯ ಮೇಲೆ ನೋಟಿಫಿಕೇಶನ್ ಆಗಿ ಮೊದಲು ಕಾಣುವುದು ಆ ಸಾಲೇ. ನಮಸ್ಕಾರ, ಧನ್ಯವಾದ ಅಲ್ಲಿ ಕೂತರೆ ಬೇಕಾದ ಮಾತು ಕೆಳಗೆ ಜಾರುತ್ತದೆ. “ಬೆಳಿಗ್ಗೆ 11” ಎಂದಾಗ ಸಂಜೆ 8ಕ್ಕೆ ಓದಿದರೂ ಸರಿ, ರಾತ್ರಿ 2ಕ್ಕೆ ಓದಿದರೂ ಸರಿ, ಮುಂದೆ ಬರುವ ಬೆಳಿಗ್ಗೆ ಎಂದೇ ಅರ್ಥ. ಭಾಷೆಯಲ್ಲಿ “ಉತ್ತರಿಸಲಾಗುವುದು” ಹೋಗಿ “ಆಗ್ತಿದ್ರೆ” ಬಂದಿದೆ. ಕಚೇರಿ ಸುತ್ತೋಲೆಯ ಧಾಟಿಯಲ್ಲಿ ಬರೆದದ್ದನ್ನು ಜನ ಓದದೆ ಬಿಡುತ್ತಾರೆ ಎನ್ನುವುದು ಗೊತ್ತಿದ್ದೂ ಎಲ್ಲರೂ ಹಾಗೇ ಬರೆಯುತ್ತಾರೆ.

ಆ್ಯಪಿನಲ್ಲಿ ಕೂರಿಸುವುದು

ಕೆಲಸದ ಹೊತ್ತನ್ನು ಮೊದಲು ಬಿಸಿನೆಸ್ ಪ್ರೊಫೈಲಿನಲ್ಲಿ ತುಂಬಬೇಕು. `Business profile` ಒಳಗೆ `Business hours` ಇದೆ. ಸೋಮವಾರದಿಂದ ಶನಿವಾರದವರೆಗೆ 9:30 AM – 7:30 PM ಕೊಟ್ಟು, ಭಾನುವಾರದ ಗುಂಡಿಯನ್ನು ಆಫ್ ಮಾಡಬೇಕು. ಆಮೇಲೆ `Tools` ಅಥವಾ ಹಳೆಯ ಆವೃತ್ತಿಯಲ್ಲಿ ಮೂರು ಚುಕ್ಕೆ ಒತ್ತಿ `Business tools`, ಅಲ್ಲಿಂದ `Away message`. `Send away message` ಆನ್ ಮಾಡಿ, ಮೇಲಿನ ಮಾತನ್ನು ಅಂಟಿಸಿ, `Schedule` ಒಳಗೆ `Outside of business hours` ಆರಿಸಿ, ಕೊನೆಗೆ `Save`. ಪ್ರೊಫೈಲಿನಲ್ಲಿ ಹೊತ್ತು ತುಂಬದೆ ಇದ್ದರೆ ಈ ಆಯ್ಕೆ ಕೆಲಸಕ್ಕೆ ಬರುವುದಿಲ್ಲ. ಪ್ರೊಫೈಲಿನಿಂದಲೇ ಶುರು ಮಾಡುವುದು ಅದಕ್ಕೇ.

`Recipients` ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ನಾಲ್ಕು ಆಯ್ಕೆ ಇವೆ: ಎಲ್ಲರಿಗೂ, ಫೋನ್‌ಬುಕ್ಕಿನಲ್ಲಿ ಇಲ್ಲದವರಿಗೆ, ಕೆಲವರನ್ನು ಬಿಟ್ಟು ಎಲ್ಲರಿಗೂ, ಕೆಲವರಿಗೆ ಮಾತ್ರ. ಈ ಮಾಲೀಕರದ್ದು ಸ್ವಂತ ನಂಬರೂ ಆದ್ದರಿಂದ `Everyone` ಇಟ್ಟಿದ್ದಾಗ ಊಟಕ್ಕೆ ಯಾವಾಗ ಬರ್ತೀರಿ ಎಂದು ಕೇಳಿದ ಹೆಂಡತಿಗೆ ಸ್ಟಾರ್ಟರ್ ಒತ್ತಬೇಡಿ ಎಂಬ ಉತ್ತರ ಹೋಗುತ್ತಿತ್ತು. ಅದಕ್ಕೆ ಹೆದರಿ `Everyone not in address book` ಹಾಕಿದರು. ಸರಿಯಾಗಿ ಕಂಡರೂ ಇದು ಇನ್ನೂ ದೊಡ್ಡ ತಪ್ಪು. ಹತ್ತು ವರ್ಷದಿಂದ ಬರುವ ಗಿರಾಕಿಗಳೆಲ್ಲ ಊರಿನ ಹೆಸರು, ಎಚ್‌ಪಿ ಸೇರಿಸಿ ಫೋನ್‌ಬುಕ್ಕಿನಲ್ಲಿ ಇದ್ದಾರೆ. ರಾತ್ರಿ ಮೆಸೇಜ್ ಮಾಡುವವರೂ ಅವರೇ. ಹೊಸಬರಿಗೆ ಮಾತ್ರ ಉತ್ತರ ಹೋಗಿ ಹಳಬರಿಗೆ ಮೌನ. ಇಂಥ ನಂಬರಿಗೆ ಹೊಂದುವುದು `Everyone except...` ಒಂದೇ. ಮನೆಯವರು, ಅಂಗಡಿ ಹುಡುಗರು, ತಾಮ್ರದ ತಂತಿ ಕೊಡುವ ಡೀಲರ್, ಹೀಗೆ ಹದಿನೈದು ಇಪ್ಪತ್ತು ಹೆಸರು ಆರಿಸಿಟ್ಟರೆ ಸಾಕು.

ಪಕ್ಕದಲ್ಲೇ `Greeting message` ಎಂಬ ಇನ್ನೊಂದಿದೆ. ಅದು ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತುಕತೆ ಇಲ್ಲದೆ ಮತ್ತೆ ಬರೆದವರಿಗೆ ಹೋಗುವ ಸ್ವಾಗತದ ಮಾತು. ಅದರಲ್ಲಿ “ಈಗಲೇ ಉತ್ತರಿಸುತ್ತೇವೆ” ಎಂದೇನಾದರೂ ಇದ್ದರೆ ತೆಗೆಯಿರಿ. ಹೊತ್ತಿನ ಸುದ್ದಿ ಒಂದೇ ಕಡೆ ಇರಲಿ.

ಎಲ್ಲ ಸರಿ ಇದ್ದರೂ ಹೋಗದೆ ಇದ್ದದ್ದು

ಸೆಟ್ಟಿಂಗ್ ಸರಿ ಇದೆ, ಮಾಲೀಕರು ಮನೆಯಲ್ಲಿ ಕೂತು ಅಕ್ಕನ ಮಗನ ಫೋನಿನಿಂದ ಪರೀಕ್ಷೆ ಮಾಡಿದಾಗ ಉತ್ತರವೂ ಬಂದಿದೆ. ಆದರೂ ವಾರದಲ್ಲಿ ಕೆಲವು ರಾತ್ರಿ ಗಿರಾಕಿಗಳಿಗೆ ಏನೂ ಹೋಗುವುದಿಲ್ಲ.

ಕಾರಣ ಸೆಟ್ಟಿಂಗಿನ ಹೊರಗಿದೆ. ಈ ಉತ್ತರ ಹೋಗಬೇಕಾದರೆ ಅಂಗಡಿಯ ಫೋನಿಗೆ ಆ ಹೊತ್ತಿನಲ್ಲಿ ಇಂಟರ್ನೆಟ್ ಇರಲೇಬೇಕು. ಕೆಲವು ಸಂಜೆ ಫೋನನ್ನು ಚಾರ್ಜಿಗೆ ಹಾಕಿ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ವೈಂಡಿಂಗ್ ಅಂಗಡಿಯವರಿಗೆ ಒಂದು ಒಳ್ಳೆಯ ಅಭ್ಯಾಸ, ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡುವುದು. ಮೇನ್ ಹೋದರೆ ವೈಫೈ ರೂಟರ್ ಹೋಯಿತು, ಮೊಬೈಲ್ ಡೇಟಾ ಆಫ್ ಇದ್ದ ಫೋನಿಗೆ ನೆಟ್ ಹೋಯಿತು. ಮನೆಗೆ ತೆಗೆದುಕೊಂಡು ಹೋದ ರಾತ್ರಿಗಳಲ್ಲಿ ಮಾತ್ರ ಎಲ್ಲ ಸರಿ. ಪರೀಕ್ಷೆಯೂ ಮನೆಯಲ್ಲೇ ನಡೆದದ್ದರಿಂದ ದೋಷ ಸಿಗಲಿಲ್ಲ.

ಇದನ್ನು ಪತ್ತೆ ಹಚ್ಚುವುದು ಗಿರಾಕಿಯ ಫೋನಿನಿಂದ. ಅವರ ಮೆಸೇಜಿನ ಕೆಳಗೆ ರಾತ್ರಿಯಿಡೀ ಒಂದೇ ಟಿಕ್ ಇದ್ದು, ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಎರಡಾಗಿದ್ದರೆ, ಅಂಗಡಿಯ ಫೋನ್ ಮೆಸೇಜನ್ನೇ ಪಡೆದಿರಲಿಲ್ಲ ಎಂದರ್ಥ. ರಾತ್ರಿಯೇ ಎರಡು ಟಿಕ್ ಬಂದಿದ್ದೂ ಉತ್ತರ ಇಲ್ಲದಿದ್ದರೆ ಸೆಟ್ಟಿಂಗ್ ನೋಡಬೇಕು, ಮೊದಲು `Recipients`, ಆಮೇಲೆ `Schedule`.

ಪರಿಹಾರ ಸರಳ. ಮೊಬೈಲ್ ಡೇಟಾ ಸದಾ ಆನ್ ಇರಲಿ, ವೈಫೈ ಹೋದರೆ ಅದಕ್ಕೆ ಬೀಳುತ್ತದೆ. ಮೇನ್ ಆಫ್ ಆದರೆ ಚಾರ್ಜ್ ಕೂಡ ಆಗುವುದಿಲ್ಲವಾದ್ದರಿಂದ ಫೋನ್ ಮನೆಗೇ ಹೋಗುವುದು ಮೇಲು. ಆಂಡ್ರಾಯ್ಡ್ ಫೋನಿನಲ್ಲಿ ಬ್ಯಾಟರಿ ಉಳಿಸುವ ಸೌಲಭ್ಯ ರಾತ್ರಿ ಆ್ಯಪನ್ನು ಮಲಗಿಸಿಬಿಡಬಹುದು. ಫೋನಿನ ಸೆಟ್ಟಿಂಗಿನಲ್ಲಿ ಈ ಆ್ಯಪಿನ `Battery` ತೆರೆದು `Unrestricted` ಮಾಡಿಟ್ಟರೆ ಆ ತೊಂದರೆಯೂ ತಪ್ಪುತ್ತದೆ. ಪರೀಕ್ಷೆಯನ್ನು ಮತ್ತೆ ಮಾಡುವಾಗ ಅಂಗಡಿಯಲ್ಲೇ ಮಾಡಿ: ರೂಟರ್ ಆಫ್ ಮಾಡಿ, ಫೋನ್ ಪರದೆ ಆರಿಸಿ ಅರ್ಧ ಗಂಟೆ ಬಿಟ್ಟು, ಬಿಟ್ಟವರ ಪಟ್ಟಿಯಲ್ಲಿ ಇಲ್ಲದ ನಂಬರಿನಿಂದ, 7:30 ದಾಟಿದ ಮೇಲೆ. ಒಂದೇ ನಂಬರಿನಿಂದ ಮತ್ತೆ ಮತ್ತೆ ಕಳಿಸಿ ತೀರ್ಮಾನಕ್ಕೆ ಬರಬೇಡಿ, ಎರಡು ಮೂರು ಬೇರೆ ಬೇರೆ ಫೋನ್ ಬಳಸಿ.

ಇನ್ನೆರಡು ಸಂದುಗಳನ್ನು ಯಾವ ಸೆಟ್ಟಿಂಗೂ ಮುಚ್ಚುವುದಿಲ್ಲ. 7:20ಕ್ಕೆ ಬಂದ ಮೆಸೇಜಿಗೆ ಅಂಗಡಿ ತೆರೆದಿರುವ ಹೊತ್ತು ಎಂಬ ಕಾರಣಕ್ಕೆ ತಾನಾಗಿ ಉತ್ತರ ಹೋಗುವುದಿಲ್ಲ. ಮಾಲೀಕರು ಆಗ ಗಲ್ಲಾಪೆಟ್ಟಿಗೆ ಲೆಕ್ಕದಲ್ಲಿರುತ್ತಾರೆ. ಕೆಲಸದ ಹೊತ್ತನ್ನೇ 7ಕ್ಕೆ ಇಳಿಸೋಣ ಎಂದರೆ ಪ್ರೊಫೈಲಿನಲ್ಲಿ ಗಿರಾಕಿಗೂ 7 ಎಂದೇ ಕಾಣುತ್ತದೆ, ಏಳೂಕಾಲಿಗೆ ಮೋಟಾರ್ ತರಬೇಕೆಂದಿದ್ದವನು ತರುವುದಿಲ್ಲ. ಶಟರ್ ಎಳೆಯುವ ಮುನ್ನ ಒಂದು ಸಲ ಫೋನ್ ನೋಡುವುದೇ ದಾರಿ. ಇನ್ನೊಂದು, ಸಾದಾ ಫೋನ್ ಕರೆ ಮಾಡಿದವರಿಗೆ ಈ ಮಾತು ತಲುಪುವುದಿಲ್ಲ. ರಾತ್ರಿಯ ಮಿಸ್ಡ್ ಕಾಲ್‌ಗಳನ್ನೂ ಬೆಳಗಿನ ಪಟ್ಟಿಗೆ ಸೇರಿಸಬೇಕು.

ಬೆಳಿಗ್ಗೆ 10:30

11ರೊಳಗೆ ಎಂದು ಬರೆದ ಮೇಲೆ ಅದನ್ನು ಉಳಿಸಿಕೊಳ್ಳುವುದು ಮನುಷ್ಯರ ಕೆಲಸ. ಇಲ್ಲಿ ಒಂದು ಬಲೆ ಇದೆ. ಚಾಟ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಕಾಣುವುದು ಕೊನೆಯ ಮೆಸೇಜ್, ಅದು ನಮ್ಮದೇ “ಅಂಗಡಿ ಮುಚ್ಚಿದೆ” ಎಂಬ ಸಾಲು. ಆತುರದಲ್ಲಿ ನೋಡಿದ ಹುಡುಗ ಇದಕ್ಕೆ ಆಗಲೇ ಉತ್ತರ ಹೋಗಿದೆ ಎಂದು ಮುಂದಕ್ಕೆ ಹೋಗುತ್ತಾನೆ. ಅದಕ್ಕೆ ಮಾಡಿದ ವ್ಯವಸ್ಥೆ: ಆ ಸಾಲು ಕಂಡ ಚಾಟ್ ಎಲ್ಲವೂ ಬಾಕಿ ಎಂದೇ ಲೆಕ್ಕ. ಒಂದೊಂದನ್ನೂ ಒತ್ತಿ ಹಿಡಿದು “ರಾತ್ರಿ” ಎಂಬ ಲೇಬಲ್ ಹಾಕುವುದು ಹುಡುಗನ ಮೊದಲ ಕೆಲಸ. ಮಾಲೀಕರು 10:30ಕ್ಕೆ ಕೂತು ಆ ಲೇಬಲ್ಲಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಮುಗಿಸುತ್ತಾರೆ. ಪಟ್ಟಿಯಲ್ಲಿ ಹೊಸದು ಮೇಲಿರುತ್ತದೆ, ಹೆಚ್ಚು ಹೊತ್ತು ಕಾದವರು ಕೆಳಗಿರುತ್ತಾರೆ. ಉತ್ತರ ಹೋದ ಮೇಲೆ ಲೇಬಲ್ ತೆಗೆಯುತ್ತಾರೆ.

1:40ರ ಆ ಗಿರಾಕಿ ಉತ್ತರ ಓದಿ, ಮೇನ್ ಆಫ್ ಮಾಡಿ, ವಾಯ್ಸ್ ಕಳಿಸಿದ್ದ: 7.5 ಎಚ್‌ಪಿ, 650 ಅಡಿ, ಒತ್ತಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. 10:40ಕ್ಕೆ ಮಾಲೀಕರ ಉತ್ತರ: “ಮೋಟ್ರು ಎತ್ತಿಸಬೇಡಿ ಯಜಮಾನ್ರೇ, ಮೊದ್ಲು ಲೈನ್‌ಮ್ಯಾನ್‌ಗೆ ಹೇಳಿ ಟ್ರಾನ್ಸ್‌ಫಾರ್ಮರ್ ಹತ್ರ ಮೂರೂ ಫೇಸ್ ಬರ್ತಾ ಇದೆಯಾ ನೋಡ್ಸಿ.” 650 ಅಡಿಯಿಂದ ಮೋಟಾರ್ ಎತ್ತಿ ಇಳಿಸುವ ಖರ್ಚು ಎಷ್ಟೆಂದು ಗೊತ್ತಿದ್ದವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು.

ಆಯುಧ ಪೂಜೆ

ಪ್ರೊಫೈಲಿನ ಕೆಲಸದ ಹೊತ್ತಿನಲ್ಲಿ ಇರುವುದು ವಾರದ ದಿನಗಳು ಮಾತ್ರ, ಹಬ್ಬದ ರಜೆ ಅದಕ್ಕೆ ತಿಳಿಯದು. ಆಯುಧ ಪೂಜೆಗೆ ವೈಂಡಿಂಗ್ ಮಿಷನ್ನಿಗೆ ಕುಂಕುಮ ಇಟ್ಟ ಮೇಲೆ ವಿಜಯದಶಮಿ ಮುಗಿಯುವವರೆಗೆ ಇಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಆ ಎರಡು ದಿನಕ್ಕೆ `Schedule` ಅನ್ನು `Custom schedule` ಮಾಡಿ, ಶುರು ಹಿಂದಿನ ಸಂಜೆ 7:30, ಕೊನೆ ದಶಮಿಯ ಮರುದಿನ ಬೆಳಿಗ್ಗೆ 9:30 ಎಂದು ಕೊಡಬೇಕು. ಮೊದಲ ಸಾಲಿನಲ್ಲಿ ತಾರೀಖು ಹಾಕಿ ಉತ್ತರದ ದಿನ ಬರೆಯಬೇಕು. ಎರಡು ದಿನದ ರಾಶಿ ಇರುವುದರಿಂದ ಸೋಮವಾರದಂತೆಯೇ ಮಧ್ಯಾಹ್ನ 1ರೊಳಗೆ ಎಂದಿರಲಿ.

ತೊಂದರೆ ಇರುವುದು ಹಬ್ಬ ಮುಗಿದ ಮೇಲೆ. `Custom schedule` ಹೊತ್ತು ಮುಗಿದರೆ ನಿಲ್ಲುತ್ತದೆ, ತಾನಾಗಿ ಹಳೆಯ ಆಯ್ಕೆಗೆ ಮರಳುವುದಿಲ್ಲ. ಮಾಲೀಕರು ಮರೆತರೆ ಅಂದಿನಿಂದ ಪ್ರತಿ ರಾತ್ರಿಯೂ ಮೌನವೇ, ಯಾರಾದರೂ ಬಂದು ಹೇಳುವವರೆಗೆ ಗೊತ್ತೇ ಆಗುವುದಿಲ್ಲ. `Always send` ಹಾಕಿ ಮರೆತವರ ಗತಿ ಉಲ್ಟಾ: ಹಗಲು ಹನ್ನೆರಡಕ್ಕೂ ಅಂಗಡಿ ಮುಚ್ಚಿದೆ ಎಂದು ಹೋಗುತ್ತಿರುತ್ತದೆ. ಅದಕ್ಕೆ ಮಾಮೂಲಿನ ಮಾತನ್ನು ಅಳಿಸುವ ಮೊದಲು ವಾಟ್ಸಾಪಿನಲ್ಲಿ ತಮ್ಮದೇ ನಂಬರಿಗೆ ಕಳಿಸಿ ಇಟ್ಟುಕೊಳ್ಳುತ್ತಾರೆ. ಮತ್ತೆ ಹಾಕಬೇಕಾದ ಆಯ್ಕೆಯನ್ನು ಒಂದು ರಟ್ಟಿನ ಚೂರಿನ ಮೇಲೆ ಬರೆದು ಮೇನ್ ಸ್ವಿಚ್ಚಿನ ಹಿಡಿಗೆ ದಾರದಲ್ಲಿ ಕಟ್ಟಿರುತ್ತಾರೆ. ದಶಮಿ ಕಳೆದ ಬೆಳಿಗ್ಗೆ ಮೇನ್ ಆನ್ ಮಾಡಲು ಕೈ ಹಾಕಿದವರು ಅದನ್ನು ಬಿಚ್ಚಲೇಬೇಕು.